ಸಿಕಲ್ ಸೆಲ್ ಕಾಯಿಲೆಯಿರುವ ಅರ್ಜಿದಾರರ ದೈನಂದಿನ ಮಿತಿಗಳ ಕುರಿತು

ಇವರಿಗೆ,
ಅಧ್ಯಕ್ಷರು, ಅಂಗವೈಕಲ್ಯ ವೈದ್ಯಕೀಯ ಮಂಡಳಿ
ಜಿಲ್ಲಾ ಆಸ್ಪತ್ರೆ, ಮೈಸೂರು

ಮಾನ್ಯರೇ,

ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿರುವ ಈ 27 ವರ್ಷದ ಮಹಿಳೆಗೆ ನಾನು ನಾಲ್ಕು ವರ್ಷಗಳಿಂದ ಚಿಕಿತ್ಸೆ ನೀಡುತ್ತಿದ್ದೇನೆ. ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಸಿಕಲ್ ಸೆಲ್ ಕಾಯಿಲೆ ದೃಢಪಟ್ಟಿದೆ. ಹೈಡ್ರಾಕ್ಸಿಯೂರಿಯಾ ತಪ್ಪದೆ ತೆಗೆದುಕೊಳ್ಳುತ್ತಾರೆ. ಆದರೂ ಕಳೆದ ವರ್ಷ ನೋವು ಉಲ್ಬಣಿಸಿ ಐದು ಸಲ ದಾಖಲಾದರು. ಎರಡು ಸಲ ರಕ್ತ ಕೊಡಬೇಕಾಯಿತು.

ಎಡ ಸೊಂಟದ ಕೀಲಿನ ಮೂಳೆಗೆ ರಕ್ತ ಸರಿಯಾಗಿ ಹರಿಯದೆ ಅದು ಸವೆದಿದೆ. ಎಂಆರ್‌ಐ ವರದಿ ಲಗತ್ತಿಸಿದ್ದೇನೆ. ಸಮತಟ್ಟಾದ ದಾರಿಯಲ್ಲೂ ಸುಮಾರು 200 ಮೀಟರ್ ನಡೆದರೆ ನಿಲ್ಲಲೇಬೇಕು. ನೆಲದ ಮೇಲೆ ಕೂರಲು, ಕುಕ್ಕರುಗಾಲಲ್ಲಿ ಶೌಚಕ್ಕೆ ಕೂರಲು ಆಗುವುದಿಲ್ಲ. ತುಂಬಿದ ಕೊಡ ಎತ್ತಲಾರರು. ಹಿಮೋಗ್ಲೋಬಿನ್ 7ರ ಆಸುಪಾಸಿನಲ್ಲೇ ಇರುವುದರಿಂದ ಅರ್ಧ ಗಂಟೆ ನಿಂತು ಅಡುಗೆ ಮಾಡಿದರೂ ಉಸಿರು ಕಟ್ಟಿದಂತಾಗುತ್ತದೆ. ಬಿಸಿಲು, ಚಳಿ, ತಣ್ಣೀರು, ಜಾಸ್ತಿ ದುಡಿಮೆ, ಯಾವುದರಿಂದಲೂ ನೋವು ಮರುಕಳಿಸಬಹುದು. ಹಾಗಾಗಿ ಕೂಲಿ ಕೆಲಸ ಬಿಟ್ಟಿದ್ದಾರೆ. ನೋವು ಬಂದ ದಿನಗಳಲ್ಲಿ ಸ್ನಾನಕ್ಕೂ ತಾಯಿಯ ನೆರವು ಬೇಕು.

ಒಂದು ಮಾತು ಒತ್ತಿ ಹೇಳಬೇಕು. ತಪಾಸಣೆಯ ದಿನ ನೋವಿಲ್ಲದಿದ್ದರೆ ಅವರು ಆರೋಗ್ಯವಾಗಿಯೇ ಕಾಣಬಹುದು. ಆ ಒಂದು ಬೆಳಗಿನ ಸ್ಥಿತಿಯಿಂದಲೇ ದಯವಿಟ್ಟು ಅಳೆಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಇದೆ. ರಕ್ತದ ಕಾಯಿಲೆ, ಸೊಂಟದ ಚಲನೆಯ ತೊಂದರೆ ಎರಡನ್ನೂ ಸೇರಿಸಿ ಶೇಕಡಾವಾರು ನಿರ್ಧರಿಸಬೇಕೆಂದು ಕೋರುತ್ತೇನೆ. ದಾಖಲಾತಿ ಸಾರಾಂಶಗಳನ್ನೂ ಜೊತೆಗಿಟ್ಟಿದ್ದೇನೆ. ಬೇಕೆಂದರೆ ಮಂಡಳಿಯ ಮುಂದೆ ಬಂದು ವಿವರಿಸುತ್ತೇನೆ.

ತಮ್ಮ ವಿಶ್ವಾಸಿ,
ಚಿಕಿತ್ಸೆ ನೀಡುತ್ತಿರುವ ವೈದ್ಯರು
ತಾಲ್ಲೂಕು ಆಸ್ಪತ್ರೆ, ಹೆಗ್ಗಡದೇವನಕೋಟೆ