ತಡೆಹಿಡಿದ ಸೆಟಲ್‌ಮೆಂಟ್ ಬಗ್ಗೆ

ಮಂಡ್ಯ
6 ನವೆಂಬರ್ 2025

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಮಾರಾಟಗಾರರ ವಿಭಾಗ

ವಿಷಯ: ಅಕ್ಟೋಬರ್ 15ರಂದು ಬರಬೇಕಿದ್ದ ₹15,436 ಯಾಕೆ ತಡೆದಿದ್ದೀರಿ?

ಮಾನ್ಯರೇ,

ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಸಣ್ಣ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೆಣ್ಣುಮಕ್ಕಳ ಲಂಗ ಬ್ಲೌಸ್ ಹೊಲಿಯುತ್ತೇನೆ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವರೂ ರಾಜ್ಯದೊಳಗೆ ಆನ್‌ಲೈನ್‌ನಲ್ಲಿ ಮಾರಬಹುದು ಅಂತ 2023ರ ಅಕ್ಟೋಬರ್‌ನಿಂದ ಆಯಿತಲ್ಲ, ಆಮೇಲೆ ನಿಮ್ಮಲ್ಲಿ ಸೇರಿದೆ. ಇಲ್ಲಿಯವರೆಗೆ ನಿಮ್ಮ ಮೇಲೆ ಒಂದು ದೂರೂ ಕೊಟ್ಟವಳಲ್ಲ.

ಸೆಪ್ಟೆಂಬರ್ 18ರಂದು ದಾವಣಗೆರೆಯಿಂದ ಒಂದು ಆರ್ಡರ್ ಬಂತು. ಆರು ವರ್ಷದ ಮಗುವಿಗೆ ಅರಿಶಿನ ಬಣ್ಣದ ಲಂಗ, ಹಸಿರು ಬಾರ್ಡರ್, ₹899. ನವರಾತ್ರಿ ಶುರುವಾದ ದಿನ, 22ಕ್ಕೆ, ಅವರ ಕೈ ಸೇರಿತು. 29ಕ್ಕೆ ರಿಟರ್ನ್ ಹಾಕಿದರು. ಅಕ್ಟೋಬರ್ 6ರಂದು ನನಗೆ ವಾಪಸ್ ಬಂದ ಕವರ್‌ನಲ್ಲಿ ಇದ್ದದ್ದು ನನ್ನ ಲಂಗ ಅಲ್ಲ.

ಹೇಗೆ ಹೇಳುತ್ತೀರಿ ಅಂತ ನಿಮ್ಮ ಕಡೆಯವರು ಫೋನಿನಲ್ಲಿ ಕೇಳಿದರು. ಹೇಳುತ್ತೇನೆ. ನಾನು ಹೊಲಿಯುವ ಪ್ರತಿ ಲಂಗದ ಒಳಗೆ, ಕೆಳಗಿನ ಅಂಚಿಗಿಂತ ಸ್ವಲ್ಪ ಮೇಲೆ, ಎರಡು ಇಂಚಿನ ಮಡಿಕೆ ಇರುತ್ತದೆ. ಮಗು ಉದ್ದ ಆದರೆ ಬಿಚ್ಚಿಕೊಳ್ಳಲಿ ಅಂತ. ನಮ್ಮಮ್ಮ ನನಗೆ ಹಾಗೇ ಹೊಲಿಯುತ್ತಿದ್ದರು. ಒಳಗೆ ಬಿಳಿ ಕಾಟನ್ ಲೈನಿಂಗ್ ಇರುತ್ತದೆ, ಕೆಳಗಿನ ಅಂಚು ಕೈಹೊಲಿಗೆ. ಲಾಡಿ ಹಾಕುವ ಪಟ್ಟಿಯ ತುದಿಯಲ್ಲಿ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿರುತ್ತೇನೆ, ಅದು ನನ್ನ ಗುರುತು. ವಾಪಸ್ ಬಂದದ್ದರಲ್ಲಿ ಮಡಿಕೆ ಇಲ್ಲ, ಲೈನಿಂಗ್ ಇಲ್ಲ, ಲಾಡಿಯೇ ಇಲ್ಲ, ಸೊಂಟಕ್ಕೆ ಎಲಾಸ್ಟಿಕ್ ಇದೆ. ಬಣ್ಣ ಒಂದೇ ಅನ್ನುವುದು ಬಿಟ್ಟರೆ ಬೇರೇನೂ ಹೊಂದುವುದಿಲ್ಲ.

ನನ್ನ ಮಾತು ನಂಬಬೇಡಿ, ನಿಮ್ಮ ಕೊರಿಯರ್‌ನ ತೂಕ ನೋಡಿ. ನಾನು ಕಳಿಸಿದಾಗ 380 ಗ್ರಾಂ. ವಾಪಸ್ ಬಂದಾಗ 210 ಗ್ರಾಂ. ಎರಡೂ ನಿಮ್ಮದೇ ದಾಖಲೆಯಲ್ಲಿವೆ. 170 ಗ್ರಾಂ ಬಟ್ಟೆ ಎಲ್ಲಿ ಹೋಯಿತು? ಗಿರಾಕಿ ಬೇಕೆಂದೇ ಬದಲಾಯಿಸಿದರು ಅಂತ ನಾನು ಹೇಳುತ್ತಿಲ್ಲ. ಹಬ್ಬದ ಸಮಯ, ಅವರು ಎರಡು ಮೂರು ಕಡೆಯಿಂದ ತರಿಸಿ ಕವರ್ ಅದಲು ಬದಲಾಗಿರಬಹುದು. ಗೋಡೌನ್‌ನಲ್ಲೂ ಆಗಿರಬಹುದು. ಅದನ್ನು ಕಂಡುಹಿಡಿಯಬೇಕಾದವರು ನೀವು, ಅಲ್ವಾ?

ಕವರ್ ಬಿಚ್ಚುವಾಗ ನನ್ನ ಮಗ ವಿಡಿಯೊ ಮಾಡಿದ್ದಾನೆ. ಅವತ್ತೇ ಕ್ಲೇಮ್ ಹಾಕಿದೆ. 9ನೇ ತಾರೀಖು "ಲೇಬಲ್ ಸ್ಪಷ್ಟವಾಗಿಲ್ಲ" ಅಂತ ತಿರಸ್ಕರಿಸಿದಿರಿ. 12ನೇ ಸೆಕೆಂಡಿನಲ್ಲಿ ಲೇಬಲ್ ಪೂರ್ತಿ ಓದಬಹುದು. ದಯವಿಟ್ಟು ಒಬ್ಬರು ಕೂತು ನೋಡಿ.

ಇಷ್ಟಾದರೂ ಸುಮ್ಮನಿರುತ್ತಿದ್ದೆ. ಒಂದು ಲಂಗ ಹೋಯಿತು ಅಂದುಕೊಳ್ಳುತ್ತಿದ್ದೆ. ಆದರೆ 15ನೇ ತಾರೀಖು ಖಾತೆ ತೆರೆದರೆ `Payment on hold` ಅಂತಿತ್ತು. ಆ ಒಂದು ಆರ್ಡರ್‌ದು ಮಾತ್ರ ಅಲ್ಲ, ಅದರ ಜೊತೆಗಿದ್ದ 22 ಆರ್ಡರ್‌ಗಳದ್ದೂ. ಆ 22 ಮನೆಯವರು ಬಟ್ಟೆ ಇಟ್ಟುಕೊಂಡಿದ್ದಾರೆ. ರಿಟರ್ನ್ ಮಾಡುವ ಏಳು ದಿನವೂ ಮುಗಿದಿದೆ. ಅವರು ಕೊಟ್ಟ ದುಡ್ಡು ನಿಮ್ಮಲ್ಲೇ ಇದೆ. ಜಗಳ ₹899ಕ್ಕೆ, ಹಿಡಿದದ್ದು ₹15,436. ಇದು ಯಾವ ನಿಯಮದ ಪ್ರಕಾರ ಅಂತ ಮೂರು ಸಲ ಕೇಳಿದೆ. ಮೂರು ಸಲವೂ "ಪರಿಶೀಲನೆಯಲ್ಲಿದೆ" ಅನ್ನುವ ಒಂದೇ ಸಾಲು ಬಂತು.

ಈ ದುಡ್ಡಿನಲ್ಲಿ ಬಟ್ಟೆ ಅಂಗಡಿಯ ಉದ್ರಿ ಇದೆ. ಹೆಮ್ಮಿಂಗ್ ಮಾಡಿಕೊಡುವ ಇಬ್ಬರು ಹೆಂಗಸರ ಪೀಸ್ ಲೆಕ್ಕದ ಕೂಲಿ ಇದೆ. ದೀಪಾವಳಿಗೆ ಮುಂಚೆ ಕೊಡುತ್ತೇನೆ ಅಂದಿದ್ದೆ, ಕೊಡಲಾಗಲಿಲ್ಲ. ಸಂಘದ ವಾರದ ಕಂತನ್ನು ತಂಗಿಯ ಹತ್ತಿರ ಕೈಸಾಲ ತೆಗೆದು ಕಟ್ಟಿದೆ. ಹಬ್ಬಕ್ಕೆ ಬಂದ ಹೊಸ ಆರ್ಡರ್‌ಗಳಿಗೆ ಬಟ್ಟೆ ತರಲಾಗದೆ ಒಂಬತ್ತನ್ನು ನಾನೇ ರದ್ದು ಮಾಡಿದೆ. ಅದಕ್ಕೂ ನನ್ನ ರೇಟಿಂಗ್ ಇಳಿಸಿದ್ದೀರಿ.

ಗ್ರಾಹಕರು ದೂರು ಕೊಟ್ಟರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಅದು ಸರಿಯಾಗೇ ಇದೆ. ನಾನು ಮಾರುವವಳು, ಆ ಮಾತು ನನಗಲ್ಲ ಅಂತ ಗೊತ್ತು. ಆದರೂ ಕ್ಲೇಮ್ ಹಾಕಿ ನನಗೂ ಒಂದು ತಿಂಗಳಾಯಿತು.

ನಾನು ಕೇಳುವುದು ಇಷ್ಟು. 22 ಆರ್ಡರ್‌ಗಳ ದುಡ್ಡನ್ನು ಈ ವಾರವೇ ಬಿಡಿ. ವಿವಾದದ ₹899 ಬೇಕಾದರೆ ಇಟ್ಟುಕೊಳ್ಳಿ, ತೂಕ ಮತ್ತು ವಿಡಿಯೊ ನೋಡಿ ತೀರ್ಮಾನ ಮಾಡುವವರೆಗೆ. ರಿಟರ್ನ್ ಸಾಗಣೆಗೆ ಅಂತ ಕಡಿದ ₹142 ಆ ತೀರ್ಮಾನದ ಜೊತೆ ಸೇರಲಿ. ತಡೆದದ್ದಕ್ಕೆ ಕಾರಣ ಏನು, ಒಪ್ಪಂದದ ಯಾವ ಷರತ್ತು ಅಂತ ಕನ್ನಡದಲ್ಲಿ ಬರೆದು ತಿಳಿಸಿ.

ವಾಪಸ್ ಬಂದ ಲಂಗ ಅದೇ ಕವರ್‌ನಲ್ಲಿ ಅಂಗಡಿಯಲ್ಲಿದೆ. ನಾನು ಹೊಲಿದ ಇನ್ನೊಂದು ಲಂಗವನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಯಾರನ್ನಾದರೂ ಕಳಿಸಿ, ಎರಡನ್ನೂ ತಿರುಗಿಸಿ ನೋಡಲಿ.

ಇಂತಿ,
ಮಂಜುಳಾ
ಟೈಲರ್, ಗುತ್ತಲು ರಸ್ತೆ, ಮಂಡ್ಯ

ಜೊತೆಗೆ: ಎರಡೂ ತೂಕದ ರಸೀತಿ, ಕವರ್ ಬಿಚ್ಚಿದ ವಿಡಿಯೊ, ಎರಡೂ ಲಂಗಗಳ ಒಳಭಾಗದ ಫೋಟೊ, 22 ಆರ್ಡರ್‌ಗಳ ಪಟ್ಟಿ