ಅಣಕು ಸಂದರ್ಶನ: ಐಇಎಲ್‌ಟಿಎಸ್ ಸ್ಪೀಕಿಂಗ್, ಒಟ್ಟು ಬ್ಯಾಂಡ್ 6

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯ ಮಾತಿನ ಭಾಗಕ್ಕೆ ತಯಾರಿಯಾಗಿ ಮಾಡಿದ ಸಂದರ್ಶನವಿದು; ಬ್ಯಾಂಡ್ ಎಂದರೆ ಅಲ್ಲಿ ಕೊಡುವ ಅಂಕ. ಸಂದರ್ಶನ ನಡೆದದ್ದು ಇಂಗ್ಲಿಷಿನಲ್ಲಿ. ಮಾತಿನ ಜಾಡು ಸುಲಭವಾಗಿ ಕಾಣಲೆಂದು ಕನ್ನಡದಲ್ಲಿ ಕೊಟ್ಟಿದ್ದೇನೆ. ಅಭ್ಯರ್ಥಿ ಲೆಕ್ಕಪತ್ರ ವಿಭಾಗದ ಉದ್ಯೋಗಿ.

ಭಾಗ 1

ಪರೀಕ್ಷಕಿ: ನಿಮ್ಮ ಕೆಲಸ ನಿಮಗೆ ಇಷ್ಟವೇ?

ಅಭ್ಯರ್ಥಿ: ಹೌದು, ಇಷ್ಟ.

ಪರೀಕ್ಷಕಿ: ಬಿಡುವಿನಲ್ಲಿ ಓದುತ್ತೀರಾ?

ಅಭ್ಯರ್ಥಿ: ಪುಸ್ತಕಗಳು ಜ್ಞಾನದ ಭಂಡಾರ. ಅವು ಮನುಷ್ಯನ ವ್ಯಕ್ತಿತ್ವವನ್ನು ರೂಪಿಸುತ್ತವೆ.

*ಟಿಪ್ಪಣಿ:* ಮೊದಲ ಉತ್ತರದಲ್ಲಿ ಅಂಕ ಕೊಡಲು ಏನೂ ಇಲ್ಲ. ಏಕೆ ಇಷ್ಟ ಎಂದು ಇನ್ನೊಂದು ವಾಕ್ಯ ಬೇಕಿತ್ತು. ಎರಡನೆಯದು ಬಾಯಿಪಾಠ. ಕೇಳಿದ್ದು ಓದುತ್ತೀರಾ ಎಂದು, ಬಂದದ್ದು ಭಾಷಣ. ಇಂಥ ವಾಕ್ಯ ಪರೀಕ್ಷಕರ ಕಿವಿಗೆ ತಕ್ಷಣ ಸಿಕ್ಕಿಬೀಳುತ್ತದೆ.

ಭಾಗ 2

ವಿಷಯ: ದೊಡ್ಡವರಾದ ಮೇಲೆ ನೀವು ಕಲಿತ ಒಂದು ವಿದ್ಯೆ. ತಯಾರಿಗೆ ಒಂದು ನಿಮಿಷ.

ಅಭ್ಯರ್ಥಿ: ನಾನು ಈಜು ಕಲಿತೆ. ಮೊದಲ ವಾರ ಕೊಳದ ಅಂಚು ಬಿಡುವುದಕ್ಕೇ ಧೈರ್ಯವಿರಲಿಲ್ಲ. ಪಕ್ಕದಲ್ಲಿ ಪುಟ್ಟ ಮಕ್ಕಳು ಮೀನಿನಂತೆ ಹೋಗುತ್ತಿದ್ದರು, ನಾನು ಕಂಬಿ ಹಿಡಿದು ನಿಂತಿದ್ದೆ. ಆಮೇಲೆ ಶಿಕ್ಷಕರು ಒಂದು… ನೀರಿನಲ್ಲಿ ತೇಲುವ ಹಲಗೆಯಂಥದ್ದು, ಅದನ್ನು ಕೊಟ್ಟರು. ಉಸಿರು ಬಿಡುವುದನ್ನು ಕಲಿತ ಮೇಲೆ, ಅಲ್ಲ, ಸರಿಯಾದ ಸಮಯಕ್ಕೆ ಬಿಡುವುದನ್ನು ಕಲಿತ ಮೇಲೆ ಹೆದರಿಕೆ ಹೋಯಿತು.

*ಟಿಪ್ಪಣಿ:* ಇಡೀ ಸಂದರ್ಶನದ ಜೀವ ಇಲ್ಲಿದೆ. ಹಲಗೆಯ ಹೆಸರು ಹೊಳೆಯಲಿಲ್ಲ. ನಿಲ್ಲದೆ ಬಣ್ಣಿಸಿ ಮುಂದೆ ಹೋದರು. ಅಂಕ ಉಳಿಸುವ ಜಾಣ್ಮೆ ಇದು, ಶಬ್ದಸಂಪತ್ತಿನ ಮಾನದಂಡದಲ್ಲೇ ಇದಕ್ಕೆ ಬೆಲೆಯಿದೆ. 'ಅಲ್ಲ' ಎಂದು ತಿದ್ದಿಕೊಂಡದ್ದೂ ಒಮ್ಮೆಯಾದ್ದರಿಂದ ತೊಂದರೆಯಿಲ್ಲ. ಹೊಡೆತ ಬಿದ್ದದ್ದು ಕಾಲಸೂಚಕ ಕ್ರಿಯಾಪದಗಳಿಗೆ. ನಡೆದುಹೋದ ಕಥೆಯನ್ನು ಭೂತಕಾಲದಲ್ಲಿ ಆರಂಭಿಸಿ, ಮೂರನೆಯ ವಾಕ್ಯದಿಂದ ಇಂಗ್ಲಿಷಿನ ವರ್ತಮಾನಕಾಲಕ್ಕೆ ಜಾರಿದರು. (ಕನ್ನಡಕ್ಕೆ ತರುವಾಗ ಆ ತಪ್ಪು ತಾನಾಗಿ ಮರೆಯಾಗಿದೆ!) ಮಾತು ನಿಂತದ್ದು ಸುಮಾರು ಒಂದು ನಿಮಿಷಕ್ಕೆ; ಎರಡು ನಿಮಿಷದವರೆಗೂ ಅವಕಾಶವಿತ್ತು.

ಭಾಗ 3

ಪರೀಕ್ಷಕಿ: ಹೊಸದನ್ನು ಕಲಿಯಲು ವಯಸ್ಕರು ಏಕೆ ಹಿಂಜರಿಯುತ್ತಾರೆ?

ಅಭ್ಯರ್ಥಿ: ಕ್ಷಮಿಸಿ, ಸಮಯದ ಅಭಾವವನ್ನು ಕೇಳುತ್ತಿದ್ದೀರಾ, ಮನಸ್ಸಿನ ಹಿಂಜರಿಕೆಯನ್ನೇ?

ಪರೀಕ್ಷಕಿ: ಎರಡನೆಯದು.

ಅಭ್ಯರ್ಥಿ: ಮಗು ಬಿದ್ದರೆ ಯಾರೂ ನಗುವುದಿಲ್ಲ. ಕಚೇರಿಯಲ್ಲಿ ಹತ್ತು ಜನರಿಗೆ ಹೇಳಿಕೊಡುವವನು ಸಂಜೆ ದಡ್ಡನಂತೆ ಕಾಣಲು ಒಪ್ಪುವುದಿಲ್ಲ. ಆದರೆ ಅಗತ್ಯ ಬಿದ್ದರೆ ಒಪ್ಪುತ್ತಾನೆ.

*ಟಿಪ್ಪಣಿ:* ಸ್ಪಷ್ಟನೆ ಕೇಳಿದ್ದಕ್ಕೆ ಅಂಕ ಕಡಿತವಿಲ್ಲ. ಅನೇಕರು ಸುಮ್ಮನೆ ಹೆದರುತ್ತಾರೆ. ವೈಯಕ್ತಿಕ ಕಥೆಯಿಂದ ಸಾಮಾನ್ಯ ವಿಚಾರಕ್ಕೆ ಏರಿದ್ದು, 'ಆದರೆ' ಎಂದು ತಿರುಗಿದ್ದು ಓಘದ ಅಂಕವನ್ನು ಎತ್ತಿತು. ಅಭಿಪ್ರಾಯ ಸರಿಯೇ ತಪ್ಪೇ ಎಂಬುದು ಲೆಕ್ಕಕ್ಕಿಲ್ಲ.

ಓಘ ಮತ್ತು ಸುಸಂಬದ್ಧತೆ 6, ಶಬ್ದಸಂಪತ್ತು 6, ವ್ಯಾಕರಣ 5, ಉಚ್ಚಾರಣೆ 7. ಮುಂದಿನ ಅಭ್ಯಾಸಕ್ಕೆ ಒಂದೇ ಕೆಲಸ: ಇದೇ ಈಜಿನ ಕಥೆಯನ್ನು ಭೂತಕಾಲ ಬಿಡದೆ ಪೂರ್ತಿ ಎರಡು ನಿಮಿಷ ಹೇಳಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ತರಬೇಕು.