ಹೋಮ್‌ಸ್ಟೇ ಕೇಸ್ ಮಂಡನೆ: ತಂಡಗಳಿಗೆ ಪ್ರಶ್ನೆಗಳು

ಕೇಸ್ ಇಷ್ಟು: ಮಡಿಕೇರಿ ಹತ್ತಿರ ಕಾಫಿ ತೋಟದೊಳಗೆ 6 ಕೋಣೆಯ ಹೋಮ್‌ಸ್ಟೇ. ಡಿಸೆಂಬರ್ ಕೊನೆಯ ವಾರ ಒಂದೇ ಕೋಣೆ ಎರಡು ಕುಟುಂಬಗಳಿಗೆ ಬುಕ್ ಆಯಿತು. ರಾತ್ರಿ 10ಕ್ಕೆ ಮಕ್ಕಳ ಜೊತೆ ಬಂದವರಿಗೆ ಜಾಗ ಇಲ್ಲ.

1. ಡಿಸೆಂಬರ್‌ನಲ್ಲಿ ಪ್ರವಾಸಿಗರೂ ಜಾಸ್ತಿ, ಕಾಫಿ ಕೊಯ್ಲೂ ಆಗಲೇ. ಅದೇ ಕೆಲಸದವರು ತೋಟಕ್ಕೂ ಬೇಕು, ಕೋಣೆಗೂ ಬೇಕು. ಮಾಲೀಕರು ಯಾರನ್ನು ಎಲ್ಲಿ ಹಾಕಬೇಕು? ಕೂಲಿ ಹೆಚ್ಚಿಸಿದರೆ ಬಾಡಿಗೆ ಎಷ್ಟು ಏರಬೇಕು? ಲೆಕ್ಕ ತೋರಿಸಿ. ‘ಹೊರಗಿನಿಂದ ಜನ ತರುತ್ತೇವೆ’ ಎಂದು ಸುಮ್ನೆ ಹೇಳಿ ಮುಗಿಸಬೇಡಿ. ಅವರು ಉಳಿಯುವುದೆಲ್ಲಿ?

2. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಆದ ಭೂಕುಸಿತ ನೆನಪಿದೆ ಅಲ್ವಾ? ಮಳೆಗಾಲದಲ್ಲಿ ರಿಯಾಯಿತಿ ಕೊಟ್ಟು ಜನರನ್ನು ಕರೆಯುವುದು ಸರಿಯೇ? ರಸ್ತೆ ಮುಚ್ಚಿದರೆ ಮುಂಗಡ ಹಣ ವಾಪಸ್ ಕೊಡಬೇಕೇ?

3. ಬೇಸಿಗೆಯಲ್ಲಿ ಊರಿನ ಬಾವಿ ಬತ್ತುತ್ತದೆ, ಹೋಮ್‌ಸ್ಟೇ ಬೋರ್‌ವೆಲ್ ಮಾತ್ರ ಓಡುತ್ತಲೇ ಇರುತ್ತದೆ. ಪಕ್ಕದ ಮನೆಯವರು ದೂರು ತಂದರೆ ನಿಮ್ಮ ಉತ್ತರ? ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರ ಜೀಪ್ ಓಡಿಸುವವರಿಗೆ ಸೀಸನ್ ಮುಗಿದ ಮೇಲೆ ಸಂಪಾದನೆ ಏನು?

4. ಆ ರಾತ್ರಿ ಕುಟುಂಬಕ್ಕೆ ಮೊದಲು ಏನು ಹೇಳುತ್ತೀರಿ? ಆಡುವ ಮಾತನ್ನೇ ಬರೆದು ತನ್ನಿ. ಬದಲಿ ಕೋಣೆಯ ಖರ್ಚು ಯಾರದು? ಬುಕಿಂಗ್ ಆ್ಯಪ್ ಮತ್ತು ಫೋನ್ ಬುಕಿಂಗ್ ಎರಡೂ ಒಂದೇ ಪುಸ್ತಕಕ್ಕೆ ಬರದಿದ್ದರೆ ಇದು ಮತ್ತೆ ಆಗುತ್ತದೆ. ತಡೆಯುವುದು ಹೇಗೆ?